ಬಾಂಡ್ ಮುಗಿಯುವ ಮೊದಲೇ ಕೆಲಸ ಬಿಡ್ತಿದ್ದೀರಾ? ದುಡ್ಡು ಕಟ್ಟುವ ಮುಂಚೆ ಪತ್ರ ಸರಿಯಾಗಿ ಬರೆಯಿರಿ

ಇವತ್ತಿನ ಸಂಚಿಕೆ ಸರ್ವಿಸ್ ಬಾಂಡ್ ಬಗ್ಗೆ. ಕೆಲಸಕ್ಕೆ ಸೇರಿದ ದಿನ ಛಾಪಾ ಕಾಗದದ ಮೇಲೆ ಸಹಿ ಹಾಕಿರ್ತೀರಲ್ಲ, ಎರಡು ವರ್ಷ ಬಿಡೋದಿಲ್ಲ, ಬಿಟ್ಟರೆ ಇಷ್ಟು ಲಕ್ಷ ಕಟ್ತೀನಿ ಅಂತ, ಅದೇ ಬಾಂಡ್. ಈಗ ಬೇರೆ ಕಡೆ ಒಳ್ಳೆ ಆಫರ್ ಬಂದಿದೆ, ಬಿಡಬೇಕು ಅಂತ ನಿರ್ಧಾರವೂ ಆಗಿದೆ. ದುಡ್ಡು ಎಷ್ಟು ಕಟ್ಟಬೇಕು, ಯಾವಾಗ ಕಟ್ಟಬೇಕು, ರಾಜೀನಾಮೆ ಪತ್ರದಲ್ಲಿ ಏನು ಬರೀಬೇಕು ಅನ್ನೋದಷ್ಟೇ ಪ್ರಶ್ನೆ. ನಾನು ಹತ್ತು ವರ್ಷ ಎಚ್‌ಆರ್ ವಿಭಾಗದಲ್ಲಿ ಮೇಜಿನ ಆ ಕಡೆ ಕೂತು ಇಂಥ ಪತ್ರಗಳನ್ನು ಓದಿದವನು. ಬಹಳಷ್ಟು ಹುಡುಗರು ಬಾಂಡ್ ದುಡ್ಡಿಗಿಂತ ಹೆಚ್ಚು ಕಳಕೊಳ್ಳೋದು ತಾವೇ ಬರೆದ ಒಂದು ಸಾಲಿನಿಂದ.

ಆ ಸಾಲು ಹೀಗಿರುತ್ತೆ: "ನಾನು ಬಾಂಡ್ ಉಲ್ಲಂಘಿಸಿದ್ದೇನೆ, ಪೂರ್ತಿ ಮೊತ್ತ ಕಟ್ಟಲು ಸಿದ್ಧನಿದ್ದೇನೆ, ದಯವಿಟ್ಟು ನನ್ನನ್ನು ಬಿಡುಗಡೆ ಮಾಡಿ." ಬರೆಯುವಾಗ ಇದು ವಿನಯ ಅನ್ನಿಸುತ್ತೆ. ಆದರೆ ಕಂಪನಿ ಇನ್ನೂ ಒಂದು ರೂಪಾಯಿ ಕೇಳಿಲ್ಲ, ಅಷ್ಟರಲ್ಲಿ ನೀವೇ ತಪ್ಪು ಒಪ್ಪಿಕೊಂಡು, ಮೊತ್ತವನ್ನೂ ಒಪ್ಪಿಕೊಂಡಾಯ್ತು. ಆಮೇಲೆ ಮಾತುಕತೆಗೆ ಏನೂ ಉಳಿಯೋದಿಲ್ಲ.

ಮೊತ್ತದಲ್ಲಿ ಮಾತುಕತೆಗೆ ಜಾಗ ಇದೆಯಾ ಅಂತ ನೀವು ಕೇಳಬಹುದು. ಇದೆ. ಎಷ್ಟಿದೆ ಅಂತ ಗೊತ್ತಾಗಬೇಕಾದರೆ ಎರಡು ತೀರ್ಪು ನೋಡಬೇಕು.

ಮೊದಲನೆಯದು ನಮ್ಮ ಬೆಂಗಳೂರಿನಲ್ಲೇ ಶುರುವಾದ ಕೇಸು. ವಿಜಯಾ ಬ್ಯಾಂಕ್ ಇತ್ತಲ್ಲ, ಈಗ ಬ್ಯಾಂಕ್ ಆಫ್ ಬರೋಡಾದ ಜೊತೆ ಸೇರಿಹೋಗಿದೆ, ಅದರಲ್ಲಿ ಒಬ್ಬರು ಅಧಿಕಾರಿ 2007ರಲ್ಲಿ ಸೀನಿಯರ್ ಮ್ಯಾನೇಜರ್ ಹುದ್ದೆಗೆ ಬಂದರು. ಮೂರು ವರ್ಷ ಇರಬೇಕು, ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನೋದು ಷರತ್ತು. 2009ರಲ್ಲಿ ಅವರು ಬೇರೆ ಬ್ಯಾಂಕಿಗೆ ಹೊರಟರು. 2 ಲಕ್ಷ ಕಟ್ಟಿದರು, ಆದರೆ 'ಅಂಡರ್ ಪ್ರೊಟೆಸ್ಟ್', ಅಂದರೆ ನನ್ನ ಆಕ್ಷೇಪ ಇಟ್ಟುಕೊಂಡೇ ಕಟ್ತಿದ್ದೀನಿ ಅಂತ ಬರೆದು ಕಟ್ಟಿದರು. ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋದರು. ಅಲ್ಲಿ ಏಕಸದಸ್ಯ ಪೀಠದಲ್ಲೂ ವಿಭಾಗೀಯ ಪೀಠದಲ್ಲೂ ಅವರೇ ಗೆದ್ದರು. ಬ್ಯಾಂಕ್ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ತೀರ್ಪು ಬಂತು: ಬಾಂಡ್ ಷರತ್ತು ಸರಿ ಇದೆ, ಬ್ಯಾಂಕ್ ಗೆದ್ದಿತು. ಕೆಲಸದಲ್ಲಿ ಇರುವಾಗ ಇಂತಿಷ್ಟು ಅವಧಿ ಇರಬೇಕು ಅನ್ನೋದು ಬೇರೆ ಕಡೆ ದುಡಿಯೋಕೆ ಹಾಕಿದ ನಿಷೇಧ ಆಗೋದಿಲ್ಲ ಅಂತ ಕೋರ್ಟ್ ಹೇಳಿತು. ಸಾರ್ವಜನಿಕ ಬ್ಯಾಂಕ್ ಯಾರನ್ನೋ ಕರೆದು ಕೂರಿಸುವ ಹಾಗಿಲ್ಲ, ಜಾಹೀರಾತು ಕೊಟ್ಟು ಮುಕ್ತ ಸ್ಪರ್ಧೆ ನಡೆಸಿಯೇ ಜನ ತೊಗೋಬೇಕು, ಅದಕ್ಕೆ ಹಣ, ಸಮಯ ಎರಡೂ ಖರ್ಚಾಗುತ್ತೆ, ಆ ಮಟ್ಟದ ಸಂಬಳದ ಅಧಿಕಾರಿಗೆ 2 ಲಕ್ಷ ವಿಪರೀತವೂ ಅಲ್ಲ ಅಂತ ಕಾರಣ ಕೊಟ್ಟಿತು.

ಈ ತೀರ್ಪು ಬಂದ ಮೇಲೆ "ಬಾಂಡ್‌ಗೆ ಬೆಲೆನೇ ಇಲ್ಲ, ಹರಿದು ಬಿಸಾಕಿ" ಅಂತ ರೀಲ್ಸ್‌ನಲ್ಲಿ ಹೇಳೋರ ಮಾತು ನಂಬಬೇಡಿ.

ಎರಡನೆಯದು ದೆಹಲಿ ಹೈಕೋರ್ಟಿನ 2011ರ ತೀರ್ಪು, ಸಿಕ್ಪಾ ಇಂಡಿಯಾ ಪ್ರಕರಣ. ಅದು ಖಾಸಗಿ ಕಂಪನಿ. ಅಲ್ಲೂ ಮೂರು ವರ್ಷದ ಬಾಂಡ್, ಅಲ್ಲೂ 2 ಲಕ್ಷ. ನೌಕರ ಎರಡು ವರ್ಷ ದುಡಿದು ಬಿಟ್ಟ. ಕಂಪನಿ ಪೂರ್ತಿ 2 ಲಕ್ಷ ಕೇಳಿತು. ಆದರೆ ಆತನ ತರಬೇತಿಗೆ ಖರ್ಚಾಗಿದೆ ಅಂತ ತೋರಿಸೋಕಾಗಿದ್ದು 67,595 ರೂಪಾಯಿ. ಮೂರರಲ್ಲಿ ಎರಡು ವರ್ಷ ದುಡಿದಾಗಿದೆ, ಉಳಿದದ್ದು ಮೂರನೇ ಒಂದು ಪಾಲು. ಹಾಗಾಗಿ ಕೆಳ ಕೋರ್ಟ್ ಕೊಡಿಸಿದ್ದು 22,532 ರೂಪಾಯಿ. ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇದರ ಹಿಂದಿರೋದು 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್. ಕರಾರಿನಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗುತ್ತೆ ಅನ್ನೋದು ಅದರ ಸಾರ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಜಾಗ ಯಾವುದು ಅಂತ ತಿಳಿಯುತ್ತೆ. ಸರ್ಕಾರಿ ಬ್ಯಾಂಕ್, ಸಾರ್ವಜನಿಕ ಉದ್ಯಮದಲ್ಲಿ ಇದ್ದರೆ ಬಾಂಡ್‌ನಲ್ಲಿ ಬರೆದ ಮೊತ್ತವೇ ಬಹುತೇಕ ಕಟ್ಟಬೇಕಾದ ಮೊತ್ತ ಅಂತ ಲೆಕ್ಕ ಹಾಕಿಕೊಳ್ಳಿ. ಖಾಸಗಿ ಕಂಪನಿ ಆದರೆ, ಅದರಲ್ಲೂ ಒಂದು ವಾರ ಪ್ರೊಜೆಕ್ಟರ್ ಮುಂದೆ ಕೂರಿಸಿ ಅದನ್ನೇ ತರಬೇತಿ ಅಂತ ಕರೆದಿದ್ದರೆ, ಎಷ್ಟು ಖರ್ಚಾಯಿತು ಅಂತ ಕೇಳುವುದಕ್ಕೆ ನಿಮಗೆ ಆಧಾರ ಇದೆ.

ಈಗ ಒಂದು ಉದಾಹರಣೆ ತೊಗೊಳ್ಳೋಣ. ಇದು ನಾನು ಕಟ್ಟಿದ ಉದಾಹರಣೆ, ಆದರೆ ಅಂಕಿಗಳು ನೀವು ದಿನಾ ನೋಡುವಂಥವೇ. ಹಾಸನದ ಕಡೆಯ ಹುಡುಗಿ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. 2024ರ ಜುಲೈ 1ಕ್ಕೆ ಸೇರಿದ್ದು. ಬಾಂಡ್ 24 ತಿಂಗಳಿಗೆ, ಮೊತ್ತ 1,50,000. ಜಾಮೀನುದಾರರಾಗಿ ಅಪ್ಪ ಸಹಿ ಹಾಕಿದ್ದಾರೆ. ದಿನಾಂಕ ಬರೆಯದ ಒಂದು ಚೆಕ್ಕನ್ನೂ ಕಂಪನಿ ಇಸ್ಕೊಂಡಿದೆ. ನೋಟಿಸ್ ಅವಧಿ 60 ದಿನ. 2025ರ ಸೆಪ್ಟೆಂಬರ್ 1ಕ್ಕೆ ಆಕೆ ರಾಜೀನಾಮೆ ಕೊಡ್ತಾಳೆ.

ಕಂಪನಿಯಿಂದ ಫೋನ್ ಬರುತ್ತೆ: "ಒಂದೂವರೆ ಲಕ್ಷ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 27,000, ಒಟ್ಟು 1,77,000 ಕಟ್ಟಿ, ರಿಲೀವಿಂಗ್ ಲೆಟರ್ ತೊಗೊಂಡು ಹೋಗಿ."

ಇದರಲ್ಲಿ ಜಿಎಸ್‌ಟಿ ಮಾತು ಮೊದಲೇ ಬಿದ್ದುಹೋಗುತ್ತೆ. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರಂದು ಹೊರಡಿಸಿದ 178ನೇ ಸಂಖ್ಯೆಯ ಜಿಎಸ್‌ಟಿ ಸುತ್ತೋಲೆ ಇದೆ. ಒಪ್ಪಿದ ಅವಧಿಗೆ ಮುಂಚೆ ನೌಕರ ಬಿಟ್ಟಾಗ ಮುರಿದುಕೊಳ್ಳುವ ಸಂಬಳಕ್ಕೂ ವಸೂಲಿ ಮಾಡುವ ಬಾಂಡ್ ಮೊತ್ತಕ್ಕೂ ಜಿಎಸ್‌ಟಿ ಬರೋದಿಲ್ಲ ಅಂತ ಅದರಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ. ಸುತ್ತೋಲೆಯ ಸಂಖ್ಯೆ, ದಿನಾಂಕ ಹಾಕಿ ಒಂದು ಮೇಲ್ ಬರೆಯಿರಿ. ಅಕೌಂಟ್ಸ್ ವಿಭಾಗದವರಿಗೆ ಇದು ಗೊತ್ತಿರುತ್ತೆ, ಎಚ್‌ಆರ್‌ನವರಿಗೆ ಎಷ್ಟೋ ಸಲ ಗೊತ್ತಿರೋದಿಲ್ಲ.

ಮುಂದಿನದು ದಿನಗಳ ಲೆಕ್ಕ. ಸೆಪ್ಟೆಂಬರ್ 1ಕ್ಕೆ 14 ತಿಂಗಳು ಮುಗಿದಿತ್ತು, ಹಾಗಾಗಿ ಉಳಿದದ್ದು 10 ತಿಂಗಳು ಅಂತ ಕಂಪನಿ ಹೇಳಬಹುದು. ಆದರೆ ನೋಟಿಸ್ ಅವಧಿಯಲ್ಲೂ ಆಕೆ ನೌಕರಳೇ, ಕೆಲಸ ಮಾಡ್ತಿದ್ದಾಳೆ, ಸಂಬಳ ತೊಗೊಳ್ತಿದ್ದಾಳೆ. ಕೊನೆಯ ದಿನ ಅಕ್ಟೋಬರ್ 31. ಅಲ್ಲಿಗೆ 16 ತಿಂಗಳು ಸೇವೆ ಆಯಿತು, ಉಳಿದದ್ದು 8 ತಿಂಗಳು. ಒಂದೂವರೆ ಲಕ್ಷವನ್ನು 24ರಿಂದ ಭಾಗಿಸಿದರೆ ತಿಂಗಳಿಗೆ 6,250. ಎಂಟು ತಿಂಗಳಿಗೆ 50,000. ರಾಜೀನಾಮೆ ಕೊಟ್ಟ ದಿನದಿಂದ ಎಣಿಸಿದ್ದರೆ 62,500 ಆಗ್ತಿತ್ತು. ನೋಟಿಸ್ ಪೂರ್ತಿ ಮಾಡಿದ್ದಕ್ಕೆ 12,500 ಉಳೀತು, ನೋಟಿಸ್ ಬದಲಿಗೆ ಕಟ್ಟಬೇಕಿದ್ದ ಎರಡು ತಿಂಗಳ ಸಂಬಳವೂ ಉಳೀತು. ಬಾಂಡ್ ದುಡ್ಡು ಕಟ್ಟಿಬಿಟ್ಟರೆ ನೋಟಿಸ್ ಮಾಡಬೇಕಾಗಿಲ್ಲ ಅಂತ ಅನೇಕರು ಅಂದುಕೊಂಡಿರ್ತಾರೆ. ಎರಡೂ ಬೇರೆ ಬೇರೆ ಷರತ್ತು. ಒಂದನ್ನು ಕಟ್ಟಿದರೆ ಇನ್ನೊಂದು ತೀರೋದಿಲ್ಲ.

ಬಾಂಡ್‌ನಲ್ಲಿ 'ಉಳಿದ ಅವಧಿಗೆ ತಕ್ಕಂತೆ' ಅಂತ ಬರೆದಿದೆಯಾ, 'ಪೂರ್ತಿ ಮೊತ್ತ' ಅಂತ ಬರೆದಿದೆಯಾ ನೋಡಿಕೊಳ್ಳಿ. ತಕ್ಕಂತೆ ಅಂತ ಇದ್ದರೆ 50,000ಕ್ಕೆ ವಿಷಯ ಮುಗೀತು. ಪೂರ್ತಿ ಅಂತ ಇದ್ದರೆ 50,000 ನಿಮ್ಮ ಹಕ್ಕಾಗೋದಿಲ್ಲ, ಅದು ನಿಮ್ಮ ಪ್ರಸ್ತಾವ. ಕಂಪನಿ ಒಪ್ಪಬಹುದು, ನಡುವೆ ಎಲ್ಲೋ ನಿಲ್ಲಬಹುದು, ಒಪ್ಪದೆಯೂ ಇರಬಹುದು. ಆದರೆ ಒಂದೂವರೆ ಲಕ್ಷ ಸರಿ ಅಂತ ಕೋರ್ಟಿನಲ್ಲಿ ತೋರಿಸೋಕೆ ಹೋದರೆ ಅವರೂ ಖರ್ಚಿನ ಲೆಕ್ಕ ತೆಗೀಬೇಕಾಗುತ್ತೆ. ಅದಕ್ಕೇ ಮೇಜಿನ ಆ ಕಡೆಯವರು ಮಾತಿಗೆ ಬರೋದು.

ಈಗ ಪತ್ರ. ರಾಜೀನಾಮೆ ಪತ್ರ, ಹಣ ಕಟ್ಟುವ ಪತ್ರ ಬೇರೆ ಬೇರೆ ಇರಲಿ. ಎರಡನ್ನೂ ಒಂದರಲ್ಲೇ ತುರುಕಬೇಡಿ. ಇಲ್ಲಿ ಕನ್ನಡದಲ್ಲಿ ಕೊಡ್ತೀನಿ, ನಿಮ್ಮ ಆಫೀಸಿನ ಭಾಷೆ ಇಂಗ್ಲಿಷ್ ಆದರೆ ಅದಕ್ಕೆ ತಿರುಗಿಸಿಕೊಳ್ಳಿ. ಮೊದಲನೆಯದು ಹೀಗಿರಲಿ:

"ಮಾನ್ಯರೇ, ಸಾಫ್ಟ್‌ವೇರ್ ಎಂಜಿನಿಯರ್ ಹುದ್ದೆಗೆ ಈ ಪತ್ರದ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ 60 ದಿನಗಳ ನೋಟಿಸ್ ಅವಧಿಯನ್ನು ಪೂರೈಸುತ್ತೇನೆ. ಅದರಂತೆ ನನ್ನ ಕೊನೆಯ ಕೆಲಸದ ದಿನ 2025ರ ಅಕ್ಟೋಬರ್ 31. 2024ರ ಜುಲೈ 1ರ ಸೇವಾ ಒಪ್ಪಂದದ ಅಡಿಯಲ್ಲಿ ನನ್ನಿಂದ ಯಾವುದಾದರೂ ಮೊತ್ತ ಬರಬೇಕಿದೆ ಎಂದು ಕಂಪನಿ ಭಾವಿಸಿದರೆ, ಅದನ್ನು ಲೆಕ್ಕ ಹಾಕಿದ ವಿಧಾನ ಮತ್ತು ನನ್ನ ತರಬೇತಿಗೆ ಆದ ವೆಚ್ಚದ ವಿವರಗಳೊಂದಿಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕೆಲಸದ ಹಸ್ತಾಂತರಕ್ಕೆ ಪೂರ್ಣ ಸಹಕಾರ ನೀಡುತ್ತೇನೆ. ದಯವಿಟ್ಟು ರಾಜೀನಾಮೆ ಸ್ವೀಕೃತಿಯನ್ನು ಮತ್ತು ಕೊನೆಯ ದಿನವನ್ನು ದೃಢಪಡಿಸಿ."

ಇಷ್ಟೇ. 'ಉಲ್ಲಂಘನೆ' ಅನ್ನೋ ಪದ ಇಲ್ಲ. 'ಕಟ್ಟಲು ಸಿದ್ಧ' ಅಂತಲೂ ಇಲ್ಲ, 'ಕಟ್ಟೋದಿಲ್ಲ' ಅಂತಲೂ ಇಲ್ಲ. "ಬರಬೇಕಿದೆ ಎಂದು ಕಂಪನಿ ಭಾವಿಸಿದರೆ" ಅನ್ನೋ ಮಾತು ಪತ್ರದ ಜೀವಾಳ. ಬಾಕಿ ಇದೆ ಅಂತ ಹೇಳುವ ಹೊರೆ ಅವರ ಮೇಲೆ ಹೋಯಿತು. ಬಿಡೋಕೆ ಕಾರಣ ಬರೆಯಲೇಬೇಕು ಅಂತ ಫಾರ್ಮ್‌ನಲ್ಲಿ ಇದ್ದರೆ 'ವೈಯಕ್ತಿಕ' ಸಾಕು. ಅಮ್ಮನಿಗೆ ಹುಷಾರಿಲ್ಲ, ಊರಿಗೆ ಹೋಗ್ತೀನಿ ಅಂತ ಸುಳ್ಳು ಬರೆದು ಮುಂದಿನ ತಿಂಗಳು ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಫೋಟೊ ಹಾಕಿದರೆ, ಬಾಂಡ್ ಮೊತ್ತದಲ್ಲಿ ರಿಯಾಯಿತಿ ಕೊಡೋಣ ಅಂದುಕೊಂಡಿದ್ದವರೂ ಮನಸ್ಸು ಬದಲಾಯಿಸ್ತಾರೆ. ಪತ್ರವನ್ನು ಆಫೀಸ್ ಮೇಲ್‌ನಿಂದ ಕಳಿಸಿ, ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಹೋಗಲಿ. ಕೊನೆಯ ದಿನ ಸಂಜೆ ಆಫೀಸ್ ಮೇಲ್ ಬಂದ್ ಆದಮೇಲೆ ನಿಮ್ಮ ಕೈಯಲ್ಲಿ ಏನೂ ಇರೋದಿಲ್ಲ.

ಫೋನಿನಲ್ಲಿ ಬಂದ 1,77,000ಕ್ಕೆ ಉತ್ತರ ಫೋನಿನಲ್ಲೇ ಕೊಡಬೇಡಿ. "ಸರ್, ದಯವಿಟ್ಟು ಮೇಲ್ ಮಾಡಿ" ಅನ್ನಿ. ಮೇಲ್ ಬಂದ ಮೇಲೆ ಲೆಕ್ಕ ಬರೆದು ಉತ್ತರಿಸಿ: ಸೇವೆ 16 ತಿಂಗಳು, ಉಳಿದದ್ದು 8 ತಿಂಗಳು, ಜಿಎಸ್‌ಟಿ ಅನ್ವಯವಾಗೋದಿಲ್ಲ, ಆದ್ದರಿಂದ ಇತ್ಯರ್ಥಕ್ಕಾಗಿ 50,000 ಕೊಡಲು ಮುಂದಾಗಿದ್ದೇನೆ. ಈ ಮೇಲ್‌ನಲ್ಲಿ 'ವಿದೌಟ್ ಪ್ರೆಜುಡಿಸ್' ಅನ್ನೋ ಪದ ಹಾಕ್ತಾರೆ. ರಾಜಿಗಾಗಿ ಈ ಮಾತು ಆಡ್ತಿದ್ದೀನಿ, ರಾಜಿ ಮುರಿದರೆ ಇದನ್ನು ನನ್ನ ಒಪ್ಪಿಗೆ ಅಂತ ಬಳಸಬೇಡಿ ಅಂತ ಅದರ ಅರ್ಥ.

ನಮ್ಮ ಉದಾಹರಣೆಯಲ್ಲಿ ಎರಡು ಮೂರು ಮೇಲ್ ಓಡಾಡಿ 75,000ಕ್ಕೆ ಇಬ್ಬರೂ ಒಪ್ಪಿದರು ಅಂತ ಇಟ್ಕೊಳ್ಳಿ. ಈಗ ಕಟ್ಟೋದು ಹೇಗೆ? ಇಲ್ಲಿ ಒಂದು ಆಯ್ಕೆ ಮಾಡಲೇಬೇಕು, ಅದರಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ತಾರೆ. ಒಂದು, 'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಅಂತ ಕಟ್ಟೋದು. ಹಾಗೆ ಕಟ್ಟಿದರೆ ಅವರೂ ಮತ್ತೆ ಕೇಳುವ ಹಾಗಿಲ್ಲ, ನೀವೂ ವಾಪಸ್ ಕೇಳುವ ಹಾಗಿಲ್ಲ. ಇನ್ನೊಂದು, ವಿಜಯಾ ಬ್ಯಾಂಕ್ ಅಧಿಕಾರಿ ಮಾಡಿದ ಹಾಗೆ 'ಅಂಡರ್ ಪ್ರೊಟೆಸ್ಟ್' ಕಟ್ಟಿ, ಮುಂದೆ ವಾಪಸ್ ಕೇಳುವ ದಾರಿ ತೆರೆದಿಡೋದು. ಒಂದೇ ಪತ್ರದಲ್ಲಿ ಎರಡನ್ನೂ ಬರೆದರೆ ಒಂದು ಇನ್ನೊಂದನ್ನು ಹೊಡೆದುಹಾಕುತ್ತೆ. ರಿಯಾಯಿತಿ ಸಿಕ್ಕಿದ್ದರೆ ಮುಚ್ಚಿಬಿಡಿ ಅಂತ ನನ್ನ ಅಭಿಪ್ರಾಯ. 2009ರಲ್ಲಿ ಪ್ರೊಟೆಸ್ಟ್ ಮಾಡಿ ಕಟ್ಟಿದ ದುಡ್ಡಿನ ಕತೆ ಮುಗಿದದ್ದು 2025ರಲ್ಲಿ, ಅದೂ ಸೋಲಿನಲ್ಲಿ. ರಿಯಾಯಿತಿಯೇ ಕೊಡದೆ, ಲೆಕ್ಕವನ್ನೂ ಕೊಡದೆ, ರಿಲೀವಿಂಗ್ ಲೆಟರ್ ಹಿಡಿದಿಟ್ಟುಕೊಂಡು ಪೂರ್ತಿ ಕಟ್ಟಿಸಿಕೊಂಡರೆ ಮಾತ್ರ ಪ್ರೊಟೆಸ್ಟ್‌ಗೆ ಅರ್ಥ ಇದೆ. ಆಗ ಒಂದು ಸಾಲು ಸಾಕು: "ಈ ಮೊತ್ತವನ್ನು ನನ್ನ ಆಕ್ಷೇಪವನ್ನು ಕಾಯ್ದಿರಿಸಿಕೊಂಡು, ಬಿಡುಗಡೆ ಪತ್ರ ಪಡೆಯುವ ಸಲುವಾಗಿ ಪಾವತಿಸುತ್ತಿದ್ದೇನೆ."

ಮುಚ್ಚುವ ಪತ್ರ ಹೀಗಿರಲಿ: "ನಿಮ್ಮ ಇಂಥ ದಿನಾಂಕದ ಇಮೇಲ್‌ನಲ್ಲಿ ಒಪ್ಪಿದಂತೆ, 2024ರ ಜುಲೈ 1ರ ಸೇವಾ ಒಪ್ಪಂದದಿಂದ ಬರುವ ಎಲ್ಲ ಬೇಡಿಕೆಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ, ಹೊಣೆಯನ್ನು ಒಪ್ಪಿಕೊಳ್ಳದೆ, 75,000 ರೂಪಾಯಿಗಳ ಡಿಮ್ಯಾಂಡ್ ಡ್ರಾಫ್ಟ್ ನೀಡುತ್ತಿದ್ದೇನೆ. ಇದನ್ನು ಸ್ವೀಕರಿಸಿದ ಮೇಲೆ ನನ್ನ ಮೇಲಾಗಲಿ ಜಾಮೀನುದಾರರಾದ ನನ್ನ ತಂದೆಯವರ ಮೇಲಾಗಲಿ ಈ ಒಪ್ಪಂದದ ಅಡಿಯಲ್ಲಿ ಯಾವುದೇ ಬಾಕಿ ಇರುವುದಿಲ್ಲ. ರಸೀದಿ, ಬಿಡುಗಡೆ ಪತ್ರ, ಸೇವಾ ಪ್ರಮಾಣಪತ್ರ, ಮೂಲ ಒಪ್ಪಂದ ಮತ್ತು ಭದ್ರತೆಗಾಗಿ ಪಡೆದ ಚೆಕ್ಕನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ."

ಅಪ್ಪನ ವಿಷಯ ಯಾಕೆ ಬರೀಬೇಕು ಅಂದರೆ, ಲೀಗಲ್ ನೋಟಿಸ್ ಬರೋದಾದರೆ ಜಾಮೀನುದಾರರಿಗೂ ಬರುತ್ತೆ, ಅದೂ ಊರಿನ ಮನೆಗೆ. ಪೋಸ್ಟ್‌ಮ್ಯಾನ್ ವಕೀಲರ ಲಕೋಟೆ ತಂದುಕೊಟ್ಟ ದಿನ ಮನೆಯಲ್ಲಿ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನೀವು ಕಟ್ಟಿ ಮುಗಿಸಿದ ಮೇಲೆ ಅವರ ಹೆಸರೂ ಮುಕ್ತ ಆಯಿತು ಅಂತ ಕಾಗದದಲ್ಲೇ ಇರಲಿ. ಚೆಕ್ ಮಾತೂ ಅಷ್ಟೇ. ಸಹಿ ಮಾಡಿದ, ದಿನಾಂಕ ಇಲ್ಲದ ಚೆಕ್ ಅವರ ಬಳಿ ಉಳಿದರೆ ದಿನಾಂಕ ಬರೆದು ಬ್ಯಾಂಕಿಗೆ ಹಾಕಲು ಅಡ್ಡಿ ಇಲ್ಲ. ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಕೇಸು, ಅದು ಕ್ರಿಮಿನಲ್ ಕೋರ್ಟಿನ ವ್ಯವಹಾರ. ಚೆಕ್ ಕಳೆದುಹೋಗಿದೆ ಅಂತ ಎಚ್‌ಆರ್ ಹೇಳಿದರೆ ಹಾಗಂತ ಮೇಲ್‌ನಲ್ಲಿ ಬರೆಸಿಕೊಳ್ಳಿ, ನಂಬರ್ ಸಮೇತ.

ಡಿಮ್ಯಾಂಡ್ ಡ್ರಾಫ್ಟ್, ಅಂದರೆ ಡಿಡಿ ಯಾಕೆ ಅಂದೆ ಅಂದರೆ, ಇಲ್ಲಿ ಯಾವಾಗಲೂ ಒಂದು ಹಗ್ಗಜಗ್ಗಾಟ ಇರುತ್ತೆ. ಕಂಪನಿ "ಮೊದಲು ದುಡ್ಡು, ಆಮೇಲೆ ಲೆಟರ್" ಅನ್ನುತ್ತೆ, ನೀವು "ಮೊದಲು ಲೆಟರ್" ಅಂತೀರಿ. ಕಂಪನಿ ಹೆಸರಿಗೆ ಡಿಡಿ ಮಾಡಿಸಿಕೊಂಡು ಕೊನೆಯ ದಿನ ಕೈಯಲ್ಲಿ ಹಿಡಿದುಕೊಂಡು ಹೋದರೆ ದುಡ್ಡು ಸಿದ್ಧ ಇದೆ ಅಂತ ಅವರಿಗೆ ಕಾಣುತ್ತೆ, ಲೆಟರ್ ಸಿಕ್ಕ ಮೇಲೆ ಕೊಟ್ಟರಾಯ್ತು. ಕೊಡದೆ ಉಳಿದರೆ ಬ್ಯಾಂಕಿನಲ್ಲಿ ರದ್ದು ಮಾಡಿಸಿ ದುಡ್ಡು ವಾಪಸ್ ಪಡೀಬಹುದು. ಆಫೀಸು ಆನ್‌ಲೈನ್‌ನಲ್ಲೇ ಕೇಳಿದರೆ ಎನ್‌ಇಎಫ್‌ಟಿ ಮಾಡಿ, ಆದರೆ "75,000 ಬಂದ ಇಷ್ಟು ದಿನದೊಳಗೆ ಬಿಡುಗಡೆ ಪತ್ರ ಕೊಡ್ತೀವಿ" ಅನ್ನುವ ಮೇಲ್ ಮೊದಲು ಬರಲಿ. ಮ್ಯಾನೇಜರ್ ಹೆಸರಿನ ಯುಪಿಐಗೆ ಕಳಿಸಬೇಡಿ, ನಗದು ಕೊಡಬೇಡಿ. ಖಾತೆ ಕಂಪನಿಯ ಹೆಸರಿನಲ್ಲೇ ಇರಬೇಕು.

ಕಟ್ಟಿದ ಮೇಲೂ ಒಂದು ಕಾಗದ ನೋಡಬೇಕು, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಪಟ್ಟಿ. ಕೊನೆಯ ತಿಂಗಳ ಸಂಬಳ, ಉಳಿದ ರಜೆಯ ಹಣ ಅದರಲ್ಲಿ ಬರುತ್ತೆ. ಅಲ್ಲೂ 'ಬಾಂಡ್ ರಿಕವರಿ' ಅಂತ ಮುರಿದಿದ್ದರೆ ಎರಡು ಸಲ ವಸೂಲಾಯಿತು ಅಂತ ಅರ್ಥ. ಎಚ್‌ಆರ್ ಒಂದು ಕಡೆ ಡಿಡಿ ತೊಗೊಂಡಿರುತ್ತೆ, ಸಂಬಳ ವಿಭಾಗ ತನ್ನ ಪಾಡಿಗೆ ತಾನು ಮುರಿದಿರುತ್ತೆ, ಇಬ್ಬರೂ ಮಾತಾಡಿಕೊಂಡಿರೋದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು. ರಸೀದಿ ಕಳಿಸಿದರೆ ಸರಿಯಾಗುತ್ತೆ, ರಸೀದಿ ಇಲ್ಲದಿದ್ದರೆ ಅಲೆದಾಟ. ಬಾಂಡ್ ಬಾಕಿ ಇದೆ ಅಂತ ಪಿಎಫ್ ಖಾತೆಯ ದುಡ್ಡಿಗೆ ಮಾತ್ರ ಕಂಪನಿ ಕೈಹಾಕುವ ಹಾಗಿಲ್ಲ.

ಹೊಸ ಕಂಪನಿ ಬಾಂಡ್ ಹಣ ತಾನೇ ಕೊಡ್ತೀನಿ ಅಂದಿದ್ದರೂ ಅದೇ ರಸೀದಿ ಬೇಕು. ಅದು ಸಾಮಾನ್ಯವಾಗಿ ಸಂಬಳದ ಜೊತೆ ಸೇರಿ, ತೆರಿಗೆ ಕಡಿತವಾಗಿ ಬರುತ್ತೆ, ಹಾಗಾಗಿ ಪೂರ್ತಿ 75,000 ಕೈಗೆ ಸಿಗುತ್ತೆ ಅಂತ ಎಣಿಸಬೇಡಿ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಆಫರ್ ಲೆಟರ್‌ನಲ್ಲಿ ಸಣ್ಣಕ್ಷರದಲ್ಲಿ ಇದೆಯಾ ನೋಡಿ. ಇದ್ದರೆ, ಹಳೆ ಬಾಂಡ್ ತೀರಿಸಿ ಹೊಸ ಬಾಂಡ್‌ಗೆ ಸಹಿ ಹಾಕಿದ ಹಾಗಾಯ್ತು!

ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಕೆಲಸದಿಂದ ಇನ್ನೊಂದು ಸರ್ಕಾರಿ ಕೆಲಸಕ್ಕೋ ಸಾರ್ವಜನಿಕ ಉದ್ಯಮಕ್ಕೋ ಹೋಗ್ತಿದ್ದರೆ, ಅರ್ಜಿಯನ್ನು ಇಲಾಖೆಯ ಮೂಲಕವೇ ಹಾಕಿದ್ದರೆ, ಬಾಂಡ್ ಹಣ ಕಟ್ಟಿಸಿಕೊಳ್ಳದೆ ಉಳಿದ ಅವಧಿಯನ್ನು ಹೊಸ ಕಡೆ ಪೂರೈಸುವ ಹೊಸ ಬಾಂಡ್ ಬರೆಸಿಕೊಳ್ಳುವ ನಿಯಮ ಇದೆ. ಪರೀಕ್ಷೆ ಬರೆಯುವ ಮುಂಚೆಯೇ ಎನ್ಒಸಿ ಕೇಳಿ. ಫಲಿತಾಂಶ ಬಂದ ಮೇಲೆ ಕೇಳಿದರೆ ಈ ಅನುಕೂಲ ಕೈತಪ್ಪುತ್ತೆ.

ಬಾಂಡ್ ಪ್ರತಿಯೇ ನಿಮ್ಮ ಹತ್ತಿರ ಇಲ್ಲ, ಸಹಿ ಹಾಕಿಸಿಕೊಂಡು ಅವರೇ ಇಟ್ಟುಕೊಂಡಿದ್ದಾರೆ ಅನ್ನುವವರು ರಾಜೀನಾಮೆಗೆ ಮುಂಚೆ, ಇವತ್ತೇ, ಒಂದು ಸಾದಾ ಮೇಲ್ ಹಾಕಿ: "ನನ್ನ ದಾಖಲೆಗಾಗಿ ಸೇವಾ ಒಪ್ಪಂದದ ಪ್ರತಿಯನ್ನು ಕಳಿಸಿ." ಪ್ರತಿ ಕೈಗೆ ಬಂದ ಮೇಲೆ ಮೊತ್ತ, ಅವಧಿ, 'ಪೂರ್ತಿ' ಅಥವಾ 'ತಕ್ಕಂತೆ' ಅನ್ನೋ ಪದ, ಇವಿಷ್ಟನ್ನೂ ಓದಿ, ಆಮೇಲೆ ಪತ್ರ ಬರೆಯೋಕೆ ಕೂತುಕೊಳ್ಳಿ.